ವೀರಕಾವ್ಯಗಳಲ್ಲಿ ದೀರ್ಘೋಪಮೆ: ಇಲಿಯಡ್ಡಿನ ಕೋಟೆಯ ಕಾಳಗದ ಒಂದು ಪರಿಶೀಲನೆ

ಫ್ರಾನ್ಸ್ ದೇಶದ ಶಾರ್ಲ್ ಪೆರೋ ಎಂಬ ವಿದ್ವಾಂಸನು ಪ್ರಾಚೀನರಿಗೂ ನವೀನರಿಗೂ ಇರುವ ತಾರತಮ್ಯವನ್ನು ಕುರಿತು 1688ರಿಂದ 1697ರವರೆಗೆ ಪ್ರಕಟಿಸಿದ ಸಂವಾದಗ್ರಂಥದಲ್ಲಿ ಹೋಮರ ಮಹಾಕವಿಯ ಉಪಮೆಗಳನ್ನು ‘ಉದ್ದಬಾಲದ ಹೋಲಿಕೆ’ಗಳೆಂದು ಹಾಸ್ಯಮಾಡಿದನು. ಯುದ್ಧದ ನಡುವೆ ಕವಿಯು ಒಬ್ಬ ವೀರನನ್ನು ಸಿಂಹಕ್ಕೆ ಹೋಲಿಸುವನು. ಅಷ್ಟಕ್ಕೆ ನಿಲ್ಲದೆ ಆ ಸಿಂಹವು ಎಷ್ಟು ದಿನದಿಂದ ಹಸಿದಿತ್ತು, ಯಾವ ದೊಡ್ಡಿಗೆ ನುಗ್ಗಿತು, ಕಾವಲುಗಾರರು ಏನು ಮಾಡಿದರು ಎಂಬುದನ್ನೆಲ್ಲ ಹೇಳುತ್ತ ಹೋಗುವನು. ಅಷ್ಟು ಹೊತ್ತಿಗೆ ವೀರನು ಮರೆತೇ ಹೋಗುವನು ಎಂಬುದು ಆಕ್ಷೇಪಣೆಯ ಸಾರ. ಬ್ವಾಲೋ ಮೊದಲಾದವರು ಇದಕ್ಕೆ ಸಮಾಧಾನ ಹೇಳಿದರು. ಆದರೂ ಪ್ರಶ್ನೆಯು ಅಲ್ಲಿಗೇ ಮುಗಿಯಲಿಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಅಲಂಕಾರಶಾಸ್ತ್ರವನ್ನು ಓದಿದ ನಮ್ಮಂಥವರು ಆ ಕಾವ್ಯವನ್ನು ಭಾಷಾಂತರದ ಮೂಲಕ ಮೊದಲು ಓದುವಾಗ ಪೆರೋವಿನ ಪಕ್ಷವನ್ನೇ ಹಿಡಿಯುವುದು ಸಹಜ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಈಗ ಆ ಅಭಿಪ್ರಾಯವನ್ನು ಬಿಡಬೇಕಾಗಿ ಬಂದುದಕ್ಕೆ ಕಾರಣವನ್ನು ಸಹೃದಯರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಛಂದಸ್ಸು, ಶಬ್ದಸೌಂದರ್ಯ ಇವುಗಳ ವಿಚಾರವನ್ನು ಬಿಟ್ಟು, ಅರ್ಥದ ವಿಚಾರವನ್ನು ಮಾತ್ರ ಇಲ್ಲಿ ತೆಗೆದುಕೊಂಡಿದೆ.

ನಮ್ಮ ಆಲಂಕಾರಿಕರ ಮತದಲ್ಲಿ ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ. ಇವುಗಳಲ್ಲಿ ಉಪಮೆಯ ಜೀವವಿರುವುದು ಸಾಧಾರಣಧರ್ಮದಲ್ಲಿ. ಒಂದು ವಾಕ್ಯಾರ್ಥವನ್ನು ಇನ್ನೊಂದು ವಾಕ್ಯಾರ್ಥಕ್ಕೆ ಹೋಲಿಸಬಹುದೆಂಬುದೂ ನಮ್ಮವರಿಗೆ ತಿಳಿಯದ ವಿಷಯವಲ್ಲ. ದಂಡಿಯು ಅದನ್ನು ವಾಕ್ಯಾರ್ಥೋಪಮೆಯೆಂದು ಕರೆದಿದ್ದಾನೆ. ಆದರೆ ಅಲ್ಲಿಯೂ ಉಪಮಾನವಾಕ್ಯದ ಒಂದೊಂದು ಪದಕ್ಕೆ ಉಪಮೇಯವಾಕ್ಯದಲ್ಲಿ ಸರಿಸಮನಾದ ಪದವು ಇರಬೇಕೆಂಬ ನಿರೀಕ್ಷೆಯುಂಟು. ಹೋಮರನ ದೀರ್ಘೋಪಮೆಯ ರೀತಿಯೇ ಬೇರೆ. ಅದರಲ್ಲಿ ಒಂದೆರಡು ಅಂಶಗಳು ಮಾತ್ರ ಎರಡು ಕಡೆಗೂ ಹೊಂದುತ್ತವೆ. ಉಳಿದವು ಉಪಮಾನದ ಕಡೆಯಲ್ಲಿಯೇ ಸ್ವತಂತ್ರವಾಗಿ ಬೆಳೆಯುತ್ತವೆ. ಹೀಗೆ ಬೆಳೆದ ಭಾಗವನ್ನೇ ಪೆರೋ ‘ಬಾಲ’ವೆಂದುದು. ಈ ಬಾಲವು ವ್ಯರ್ಥವೋ ಸಾರ್ಥಕವೋ ಎಂಬುದನ್ನು ಸಾಮಾನ್ಯವಾದ ಮಾತುಗಳಿಂದ ನಿರ್ಣಯಿಸಲಾಗದು. ಒಂದು ಯುದ್ಧವರ್ಣನೆಯನ್ನು ಆದ್ಯಂತವಾಗಿ ತೆಗೆದುಕೊಂಡು ನೋಡಬೇಕು. ಅದಕ್ಕೆ ಇಲಿಯಡ್ಡಿನ 12ನೆಯ ಸರ್ಗವು ತಕ್ಕುದಾಗಿದೆ. 471 ಪಂಕ್ತಿಗಳ ಈ ಚಿಕ್ಕ ಸರ್ಗದಲ್ಲಿ ನಡೆಯುವ ಸಂಗತಿಯು ಒಂದೇ.

ಸಂಗತಿಯೇನೆಂದರೆ: ಗ್ರೀಕರು ತಮ್ಮ ಹಡಗುಗಳ ರಕ್ಷಣೆಗಾಗಿ ಕಡಲತಡಿಯಲ್ಲಿ ಕಂದಕವನ್ನು ತೋಡಿ ಗೋಡೆಯನ್ನು ಕಟ್ಟಿಕೊಂಡಿದ್ದಾರೆ. ಆಕಿಲೀಸನು ಮುನಿಸಿಕೊಂಡು ಯುದ್ಧದಿಂದ ದೂರವಾಗಿದ್ದಾನೆ. ಟ್ರಾಯ್ ನಗರದವರು ಹೆಕ್ಟರನ ನಾಯಕತ್ವದಲ್ಲಿ ಕಂದಕದವರೆಗೆ ಬಂದು, ರಥಗಳನ್ನು ಅಲ್ಲಿಯೇ ನಿಲ್ಲಿಸಿ, ಐದು ತಂಡಗಳಾಗಿ ಕಾಲ್ನಡೆಯಲ್ಲಿ ಗೋಡೆಗೆ ಮುತ್ತಿಗೆ ಹಾಕುತ್ತಾರೆ. ಬಹಳ ಹೊತ್ತು ಯಾರಿಗೂ ಜಯವಿಲ್ಲ. ಕೊನೆಗೆ ಹೆಕ್ಟರನು ಒಂದು ಬಂಡೆಯನ್ನೆತ್ತಿ ಎಸೆದು ಬಾಗಿಲನ್ನು ಮುರಿಯುತ್ತಾನೆ. ಕಥೆಯು ಇಷ್ಟೆ. ಇದನ್ನು ಕೇವಲ ವೃತ್ತಾಂತವಾಗಿ ಹೇಳಿದರೆ ಹತ್ತು ಮಾತುಗಳಲ್ಲಿ ಮುಗಿಯುವುದು. ‘ಯಾರಿಗೂ ಜಯವಿಲ್ಲ’ ಎಂಬ ಸ್ಥಿತಿಯನ್ನು ಓದುವವನು ಅನುಭವಿಸುವಂತೆ ಮಾಡುವುದಾದರೂ ಹೇಗೆ? ಚಲನೆಯನ್ನು ವರ್ಣಿಸುವುದು ಸುಲಭ. ಚಲನೆ ನಿಂತುಹೋದುದನ್ನು ವರ್ಣಿಸುವುದು ಕಷ್ಟ. ಈ ಸರ್ಗದಲ್ಲಿ ಆ ಭಾರವನ್ನು ಹೊತ್ತಿರುವುದು ಉಪಮೆಗಳೇ.

ಮೊದಲು ಹಿಮದ ಉಪಮೆಯನ್ನು ನೋಡೋಣ. ಇದು ಈ ಸರ್ಗದಲ್ಲಿ ಎರಡು ಸಲ ಬರುತ್ತದೆ. ಮೊದಲನೆಯ ಸಲ ಮೂರೇ ಪಂಕ್ತಿ: ಬಾಗಿಲ ಬಳಿಯಲ್ಲಿ ಎರಡು ಕಡೆಯವರೂ ಕಲ್ಲುಗಳನ್ನು ಎಸೆಯುತ್ತಾರೆ; ಗಾಳಿಯು ಕಪ್ಪು ಮೋಡಗಳನ್ನು ಅಲುಗಿಸಿ ನೆಲದ ಮೇಲೆ ಹಿಮವನ್ನು ಸುರಿಸುವಂತೆ ಆ ಕಲ್ಲುಗಳು ಬೀಳುತ್ತವೆ. ಇಲ್ಲಿ ಸಾಧಾರಣಧರ್ಮವು ಸ್ಪಷ್ಟ: ದಟ್ಟಣೆ ಮತ್ತು ವೇಗ. ಗಾಳಿಯಿದೆ, ಅಲುಗಾಟವಿದೆ, ಯುದ್ಧವಿನ್ನೂ ಬಿರುಸಾಗಿದೆ. ನಮ್ಮ ಶಾಸ್ತ್ರದ ಯಾವ ಪರೀಕ್ಷೆಯಲ್ಲಿಯೂ ಇದು ತೇರ್ಗಡೆಯಾಗುವ ಉಪಮೆ.

ನೂರಿಪ್ಪತ್ತು ಪಂಕ್ತಿಗಳಾದ ಮೇಲೆ ಅದೇ ಕಲ್ಲಿನ ಮಳೆ, ಅದೇ ಹಿಮ ಮತ್ತೊಮ್ಮೆ ಬರುತ್ತದೆ. ಈ ಸಲ ಸುಮಾರು ಒಂಬತ್ತು ಪಂಕ್ತಿಗಳು. ಚಳಿಗಾಲದ ಒಂದು ದಿನ ಜ್ಯೂಸ್ ದೇವನು ತನ್ನ ಬಾಣಗಳನ್ನು ಮನುಷ್ಯರಿಗೆ ತೋರಿಸಬೇಕೆಂದು ಹಿಮವನ್ನು ಸುರಿಸಲು ತೊಡಗುತ್ತಾನೆ. ಗಾಳಿಗಳನ್ನು ಮಲಗಿಸಿ ಬಿಡುವಿಲ್ಲದೆ ಸುರಿಸುತ್ತಾನೆ. ಬೆಟ್ಟದ ನೆತ್ತಿಗಳು, ಕಡಲಿಗೆ ಚಾಚಿದ ಕೋಡುಗಳು, ಹುಲ್ಲುಗಾವಲುಗಳು, ಮನುಷ್ಯರು ದುಡಿದು ಮಾಡಿದ ಹೊಲಗದ್ದೆಗಳು ಎಲ್ಲವೂ ಮುಚ್ಚಿಹೋಗುತ್ತವೆ. ಬೂದುಬಣ್ಣದ ಕಡಲಿನ ರೇವುಗಳ ಮೇಲೂ ದಡಗಳ ಮೇಲೂ ಅದು ಬೀಳುತ್ತದೆ. ಆದರೆ ಅಲೆಯು ಬಂದು ಅಲ್ಲಿ ಅದನ್ನು ತಡೆಯುತ್ತದೆ. ಉಳಿದುದೆಲ್ಲ ಹಿಮದ ಹೊದಿಕೆಯ ಒಳಗೆ. ಇಷ್ಟನ್ನು ಹೇಳಿ ಕವಿಯು, ಹಾಗೆ ಎರಡು ಕಡೆಯಿಂದಲೂ ಕಲ್ಲುಗಳು ದಟ್ಟವಾಗಿ ಹಾರಿದವು, ಗೋಡೆಯ ಉದ್ದಕ್ಕೂ ಸದ್ದು ಮೊಳಗಿತು ಎಂದು ಯುದ್ಧಕ್ಕೆ ಹಿಂದಿರುಗುತ್ತಾನೆ.

ಶಾಸ್ತ್ರದೃಷ್ಟಿಯಿಂದ ಇಲ್ಲಿ ಆಕ್ಷೇಪಣೆಗೆ ಎಡೆಯುಂಟು. ಕಲ್ಲುಗಳು ಸದ್ದುಮಾಡುತ್ತವೆ, ಹಿಮವು ನಿಶ್ಶಬ್ದವಾಗಿ ಇಳಿಯುತ್ತದೆ. ಕಲ್ಲು ಕೊಲ್ಲುತ್ತದೆ, ಹಿಮವು ಹೊದಿಸುತ್ತದೆ. ಮೊದಲನೆಯ ಉಪಮೆಯಲ್ಲಿದ್ದ ಗಾಳಿಯನ್ನು, ಎಂದರೆ ವೇಗವೆಂಬ ಸಾಧಾರಣಧರ್ಮವನ್ನು, ಕವಿಯೇ ಬೇಕೆಂದು ಮಲಗಿಸಿಬಿಟ್ಟಿದ್ದಾನೆ. ವಾಮನನು ಎಣಿಸಿದ ಆರು ಉಪಮಾದೋಷಗಳಲ್ಲಿ ಅಸಾದೃಶ್ಯವೆಂಬುದೊಂದು. ಅದನ್ನು ಇಲ್ಲಿ ಹೇಳಬಹುದಲ್ಲವೇ ಎಂದು ತೋರುವುದು. ಆದರೆ ಎರಡು ಉಪಮೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕವಿಯ ಆಶಯವು ಹೊಳೆಯುತ್ತದೆ. ಎರಡನೆಯದರಲ್ಲಿ ಅವನು ಹೋಲಿಸುತ್ತಿರುವುದು ಕಲ್ಲಿನ ವೇಗವನ್ನಲ್ಲ. ಯುದ್ಧವು ಮುಟ್ಟಿದ ಸ್ಥಿತಿಯನ್ನು. ಯಾರು ಎಸೆದರು, ಯಾರಿಗೆ ತಗುಲಿತು ಎಂಬ ಭೇದವು ಅಳಿದುಹೋಗಿದೆ. ಒಂದೊಂದು ಕಲ್ಲೂ ಒಬ್ಬನ ಕೈಯಿಂದ ಬಂದುದಾದರೂ ಒಟ್ಟಿನಲ್ಲಿ ಅದು ಆಕಾಶದಿಂದ ಬೀಳುವ ವಸ್ತುವಿನಂತೆ ತೋರುತ್ತದೆ. ಮನುಷ್ಯನ ಕೆಲಸಗಳೆಲ್ಲ ಅದರ ಕೆಳಗೆ ಹೂತುಹೋಗುತ್ತವೆ. ನಿಶ್ಶಬ್ದವಾದ ಆ ಬಿಳುಪಿನೊಳಗಿಂದ ಓದುವವನು ಥಟ್ಟನೆ ಗೋಡೆಯ ಮೊಳಗಿಗೆ ಹಿಂದಿರುಗುವನು. ಆಗ ಆ ಸದ್ದು ಮೊದಲಿಗಿಂತ ಹೆಚ್ಚಾಗಿ ಕೇಳಿಸುವುದು. ಹಿಮವನ್ನು ಜ್ಯೂಸನ ಬಾಣಗಳೆಂದು ಕರೆದುದೂ ಯಾದೃಚ್ಛಿಕವಲ್ಲ. ಆಯುಧಕ್ಕೆ ಹಿಮವು ಉಪಮಾನವಾಗಿರುವಲ್ಲಿ, ಆ ಉಪಮಾನದ ಒಳಗೆ ಹಿಮವೇ ಆಯುಧವಾಗಿದೆ. ಈ ಯುದ್ಧವು ಯಾರ ಸಂಕಲ್ಪದಿಂದ ಹೀಗೆ ನಡೆಯುತ್ತಿದೆಯೆಂಬುದನ್ನು ಕವಿಯು ಬಾಲದಲ್ಲಿ ಸೂಚಿಸಿದ್ದಾನೆ. ಆ ಬಾಲವನ್ನು ಕತ್ತರಿಸಿದರೆ ಉಳಿಯುವುದು ಮೊದಲನೆಯ ಉಪಮೆಯ ಪುನರುಕ್ತಿ ಮಾತ್ರ.

ಇನ್ನು ಸರ್ಗದ ಅಂತ್ಯಭಾಗಕ್ಕೆ ಬರೋಣ. ಲಿಸಿಯ ದೇಶದವರು ಗೋಡೆಯ ತೆನೆಗಳವರೆಗೆ ಏರಿದ್ದಾರೆ, ಒಳಗೆ ಇಳಿಯಲಾರರು. ಗ್ರೀಕರು ಅವರನ್ನು ಹಿಂದಕ್ಕೆ ತಳ್ಳಲಾರರು. ಇಲ್ಲಿ ಕವಿಯು ಒಂದರ ಹಿಂದೆ ಒಂದಾಗಿ ಎರಡು ಉಪಮೆಗಳನ್ನು ತರುತ್ತಾನೆ. ಮೊದಲನೆಯದು: ಕೂಡುಹೊಲದಲ್ಲಿ ಇಬ್ಬರು ಅಳತೆಗೋಲುಗಳನ್ನು ಹಿಡಿದು ಬದುವಿನ ವಿಚಾರವಾಗಿ ಜಗಳವಾಡುತ್ತ ಒಂದಿಷ್ಟು ನೆಲದಲ್ಲಿ ಸಮಪಾಲಿಗಾಗಿ ಹಟಹಿಡಿದಂತೆ ತೆನೆಗಳು ಎರಡು ಪಕ್ಷದವರನ್ನೂ ಬೇರ್ಪಡಿಸಿದ್ದುವು. ಎರಡನೆಯದು: ಕೂಲಿಗೆ ಉಣ್ಣೆಯ ಕೆಲಸ ಮಾಡುವ ಪ್ರಾಮಾಣಿಕಳಾದ ಹೆಂಗಸೊಬ್ಬಳು ತಕ್ಕಡಿಯನ್ನು ಎತ್ತಿ, ಒಂದು ತಟ್ಟೆಯಲ್ಲಿ ತೂಕದ ಕಲ್ಲನ್ನೂ ಇನ್ನೊಂದರಲ್ಲಿ ಉಣ್ಣೆಯನ್ನೂ ಇಟ್ಟು, ತನ್ನ ಮಕ್ಕಳಿಗಾಗಿ ಅಲ್ಪವಾದ ಕೂಲಿಯನ್ನು ಸಂಪಾದಿಸುವುದಕ್ಕಾಗಿ ಎರಡನ್ನೂ ಸರಿತೂಗಿಸುವಂತೆ ಯುದ್ಧವು ಸಮನಾಗಿ ನಿಂತಿತ್ತು; ಜ್ಯೂಸನು ಹೆಕ್ಟರನಿಗೆ ಹೆಚ್ಚಿನ ಕೀರ್ತಿಯನ್ನು ಕೊಡುವವರೆಗೆ ಹಾಗೆಯೇ ಇತ್ತು.

ನನ್ನ ಪೂರ್ವಾಭಿಪ್ರಾಯಕ್ಕೆ ಆಧಾರವಾಗಿದ್ದುದು ಈ ಎರಡನೆಯ ಉಪಮೆಯೇ. ಮಹಾವೀರರ ಕಾಳಗವೆಲ್ಲಿ, ಕೂಲಿಯ ಹೆಂಗಸೆಲ್ಲಿ? ಉಪಮಾನವು ಉಪಮೇಯಕ್ಕಿಂತ ಜಾತಿಯಿಂದಲೋ ಪ್ರಮಾಣದಿಂದಲೋ ಕೀಳಾಗಿದ್ದರೆ ಅದು ಹೀನತ್ವದೋಷವೆಂದು ವಾಮನನು ಹೇಳಿದ್ದಾನೆ. ಮಮ್ಮಟನು ಅದನ್ನು ಅನುಚಿತಾರ್ಥದಲ್ಲಿ ಸೇರಿಸಿದ್ದಾನೆ. ಆದರೆ ದಂಡಿಯ ಮಾತು ಇವರಿಬ್ಬರಿಗಿಂತ ಉದಾರವಾದುದು. ಲಿಂಗವಚನಗಳ ಭೇದವಾಗಲಿ ಹೀನಾಧಿಕಭಾವವಾಗಲಿ ತಮ್ಮಷ್ಟಕ್ಕೆ ತಾವೇ ದೋಷವಾಗುವುದಿಲ್ಲ, ಬಲ್ಲವರ ಮನಸ್ಸಿಗೆ ಉದ್ವೇಗವುಂಟಾದರೆ ಮಾತ್ರ ದೋಷ ಎಂದು ಅವನ ಮತ. ಹಾಗಾದರೆ ಇಲ್ಲಿ ಬಲ್ಲವರಿಗೆ ಉದ್ವೇಗವುಂಟಾಗುವುದೇ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಹೇಳುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ತಕ್ಕಡಿಯ ಚಿತ್ರವು ಈ ಕವಿಗೆ ಹೊಸದಲ್ಲ. 8ನೆಯ ಸರ್ಗದಲ್ಲಿ ಜ್ಯೂಸನು ಚಿನ್ನದ ತಕ್ಕಡಿಯನ್ನು ಹಿಡಿದು ಎರಡು ಸೈನ್ಯಗಳ ವಿಧಿಯನ್ನು ತೂಗುತ್ತಾನೆ. 22ನೆಯ ಸರ್ಗದಲ್ಲಿ ಆಕಿಲೀಸ್ ಹೆಕ್ಟರರ ವಿಧಿಯನ್ನು ತೂಗುತ್ತಾನೆ. ದೇವರ ಚಿನ್ನದ ತಕ್ಕಡಿಯು ಕೈಗೆ ಸಿಕ್ಕುವಂತಿರುವಾಗ ಕವಿಯು ಅದನ್ನು ಬಿಟ್ಟು ಬಡವಿಯ ತಕ್ಕಡಿಯನ್ನು ಆರಿಸಿಕೊಂಡನೆಂದ ಮೇಲೆ ಅದು ಅಜ್ಞಾನದಿಂದ ಆದುದಲ್ಲ. ದೇವರ ತಕ್ಕಡಿಯ ಕೆಲಸವು ಒಂದು ಕಡೆಗೆ ಬಾಗುವುದು, ಬಾಗಿದರೆ ತೀರ್ಪು. ಈ ಹೆಂಗಸಿನ ತಕ್ಕಡಿಯ ಕೆಲಸವು ಬಾಗದಿರುವುದು. ಕೂದಲೆಳೆಯಷ್ಟೂ ಹೆಚ್ಚುಕಡಮೆಯಾಗದಂತೆ ಅವಳು ಉಸಿರು ಬಿಗಿಹಿಡಿದು ನೋಡುತ್ತಾಳೆ. ಸಮತೆಯು ಎಷ್ಟು ಸೂಕ್ಷ್ಮವಾದುದು, ಎಷ್ಟು ಶ್ರಮದಿಂದ ಉಳಿದಿದೆ ಎಂಬುದನ್ನು ತೋರಿಸಲು ಇದಕ್ಕಿಂತ ತಕ್ಕ ಉಪಮಾನವಿಲ್ಲ. ಆದುದರಿಂದ ಸಾಧಾರಣಧರ್ಮದ ದೃಷ್ಟಿಯಿಂದಲೇ ಚಿನ್ನದ ತಕ್ಕಡಿಗಿಂತ ಇದು ಮೇಲು.

ಮಕ್ಕಳೂ ಅಲ್ಪವಾದ ಕೂಲಿಯೂ ಸಾಧಾರಣಧರ್ಮಕ್ಕೆ ಸೇರಿದುವಲ್ಲ. ಅವು ಶುದ್ಧವಾದ ಬಾಲ. ಆದರೆ ಅವುಗಳಿಂದ ಆಗುವ ಕೆಲಸವನ್ನು ನೋಡಿರಿ. ಗೋಡೆಯ ಮೇಲೆ ಹೋರಾಡುತ್ತಿರುವವರಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಅವರೂ ಜೀವವನ್ನು ಪಣವಾಗಿಟ್ಟು ಒಂದಿಷ್ಟು ನೆಲಕ್ಕಾಗಿ ಸೆಣಸುತ್ತಿದ್ದಾರೆ. ಅವರಿಗೆ ದೊರೆಯುವ ಕೂಲಿಯೂ ಅಲ್ಪವೇ. ಕವಿಯು ಇದೊಂದನ್ನೂ ಬಾಯಿಬಿಟ್ಟು ಹೇಳಿಲ್ಲ. ಉಪಮಾನದ ಕಡೆಯಲ್ಲಿ ಹೇಳಿದುದು ಉಪಮೇಯದ ಕಡೆಯಲ್ಲಿ ಧ್ವನಿಸುತ್ತದೆ. ಬದುವಿನ ಜಗಳವೂ ಹೀಗೆಯೇ; ಹತ್ತು ವರ್ಷದ ಮಹಾಯುದ್ಧವು ಒಂದು ಕ್ಷಣ ನೆರೆಹೊರೆಯವರ ಗೇಣುನೆಲದ ಕಲಹವಾಗಿ ಕಾಣುತ್ತದೆ. ವೀರರಸಕ್ಕೆ ಭಂಗವಿಲ್ಲದೆಯೇ ಕರುಣದ ಒಂದು ಎಳೆಯು ಅದರೊಳಗೆ ಸೇರಿಕೊಂಡಿದೆ. ಇದರಲ್ಲಿ ಉದ್ವೇಗಕ್ಕೆ ಎಡೆಯೆಲ್ಲಿ?

ಇದರ ಬಳಿಕ ಕೆಲವೇ ಪಂಕ್ತಿಗಳಲ್ಲಿ ಬರುವ ಇನ್ನೊಂದು ಪುಟ್ಟ ಉಪಮೆಯು ಈ ಅಭಿಪ್ರಾಯವನ್ನು ದೃಢಪಡಿಸುತ್ತದೆ. ಹೆಕ್ಟರನು ಬಾಗಿಲ ಮುಂದಿದ್ದ ಬಂಡೆಯನ್ನು ಎತ್ತುತ್ತಾನೆ. ಈಗಿನ ಕಾಲದ ಇಬ್ಬರು ಬಲಿಷ್ಠರು ಕೂಡಿದರೂ ನೆಲದಿಂದೆತ್ತಿ ಬಂಡಿಗೆ ಹಾಕಲು ಕಷ್ಟವಾಗುವಂಥ ಆ ಬಂಡೆಯನ್ನು ಜ್ಯೂಸನು ಅವನಿಗೆ ಹಗುರಮಾಡುತ್ತಾನೆ. ಕುರುಬನು ಟಗರಿನ ತುಪ್ಪಟವನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಂತೆ, ಅದರ ಭಾರವು ಅವನಿಗೆ ಗೊತ್ತಾಗದಂತೆ, ಹೆಕ್ಟರನು ಅದನ್ನು ಎತ್ತಿಕೊಂಡು ಹೋದನು. ಕಲ್ಲಿಗೂ ತುಪ್ಪಟಕ್ಕೂ ಸಾದೃಶ್ಯವೇನು ಎಂದು ಕೇಳಬಹುದು. ಆದರೆ ಸುಮಾರು 20 ಪಂಕ್ತಿಗಳ ಹಿಂದೆ ತಕ್ಕಡಿಯಲ್ಲಿದ್ದುದೂ ಉಣ್ಣೆಯೇ. ಆಗ ಅದರ ಎದುರು ತಟ್ಟೆಯಲ್ಲಿದ್ದುದು ತೂಕ. ಆಗ ಉಣ್ಣೆಯೂ ತೂಕವೂ ಸಮನಾಗಿದ್ದುವು. ಈಗ ಬಂಡೆಯ ತೂಕವೇ ಉಣ್ಣೆಯಾಗಿಬಿಟ್ಟಿದೆ, ತಕ್ಕಡಿಯು ಬಾಗಿದೆ. ಯುದ್ಧವು ಸಮಸ್ಥಿತಿಯಿಂದ ಜಯಾಪಜಯಕ್ಕೆ ತಿರುಗಿದ ಕ್ಷಣವನ್ನು ಕವಿಯು ಒಂದೇ ವಸ್ತುವಿನ ಎರಡು ರೂಪಗಳಿಂದ ತೋರಿಸಿದ್ದಾನೆ. ಅವನು ಇದನ್ನು ಆಲೋಚಿಸಿ ಮಾಡಿದನೋ, ಪ್ರತಿಭೆಯ ಓಟದಲ್ಲಿ ಹೀಗೆ ಬಂದಿತೋ, ಹೇಗಾದರೂ ಆಗಲಿ. ಪರಿಣಾಮವು ಓದುವವನ ಕಣ್ಣಮುಂದಿದೆ. ಮುಂದೆ ಅಗುಳಿಗಳು ಮುರಿದು ಬಾಗಿಲು ಬೀಳುವಾಗ ದೀರ್ಘೋಪಮೆಯೇ ಇಲ್ಲ. ಹೆಕ್ಟರನು ಒಳಕ್ಕೆ ಹಾರಿದಾಗ ಅವನ ಮುಖವು ವೇಗವಾಗಿ ಕವಿಯುವ ರಾತ್ರಿಯಂತಿತ್ತು ಎಂಬ ಎರಡು ಮಾತಿನ ಹೋಲಿಕೆ ಮಾತ್ರ. ಯುದ್ಧವು ನಿಂತಿದ್ದಾಗ ಉಪಮೆಗಳು ನೀಳವಾಗಿದ್ದುವು. ಯುದ್ಧವು ಹರಿದಾಗ ಮೊಟಕಾದುವು. ಅಲಂಕಾರವನ್ನು ಕಾಲವರಿತು ಹಿಡಿಯಬೇಕು, ಕಾಲವರಿತು ಬಿಡಬೇಕು ಎಂದು ಆನಂದವರ್ಧನನು ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತೋರದು.

ನಮ್ಮ ಮಹಾಕಾವ್ಯಗಳ ರೀತಿಯೊಡನೆ ಇದನ್ನು ಹೋಲಿಸಿದರೆ ಭೇದವು ಸ್ಫುಟವಾಗುತ್ತದೆ. ಮಹಾಭಾರತದ ಯುದ್ಧಪರ್ವಗಳಲ್ಲಿ ಉಪಮೆಗಳು ಹೇರಳವಾಗಿವೆ. ಆದರೆ ಬಹುಮಟ್ಟಿಗೆ ಚಿಕ್ಕವು. ಗಾಯಗೊಂಡ ವೀರರು ಹೂಬಿಟ್ಟ ಮುತ್ತುಗದ ಮರಗಳಂತೆ ಕಾಣುತ್ತಾರೆ. ಬಾಣಗಳು ಮಳೆಯಂತೆ ಸುರಿಯುತ್ತವೆ. ವಿಸ್ತಾರವು ಬೇಕಾದಾಗ ವ್ಯಾಸರು ರೂಪಕವನ್ನು ಹಿಡಿಯುತ್ತಾರೆ. ರಕ್ತದ ನದಿಯ ವರ್ಣನೆಯನ್ನು ಎಲ್ಲರೂ ಬಲ್ಲರು: ರಕ್ತವೇ ನೀರು, ಕೂದಲೇ ಪಾಚಿ, ಆನೆಗಳ ಹೆಣಗಳೇ ಬಂಡೆಗಳು. ಇದು ಸಾಂಗರೂಪಕ. ಇಲ್ಲಿ ನದಿಯ ಒಂದೊಂದು ಅಂಗಕ್ಕೂ ರಣರಂಗದ ಒಂದೊಂದು ಅಂಗವು ಹೊಂದಿಕೊಳ್ಳಬೇಕು. ಹೊಂದದೆ ಉಳಿದುದಕ್ಕೆ ಸ್ಥಳವಿಲ್ಲ. ಅದರ ಫಲವಾಗಿ ಓದುವವನು ರಣರಂಗವನ್ನು ಬಿಟ್ಟು ಅತ್ತಿತ್ತ ಕದಲಲಾರನು. ನದಿಯೇ ರಣರಂಗಕ್ಕೆ ಬಂದುಬಿಡುತ್ತದೆ. ಲೋಕದಲ್ಲಿ ಯುದ್ಧವಲ್ಲದೆ ಬೇರೆ ಏನೂ ಉಳಿದಿಲ್ಲವೆಂಬ ಭಾವನೆಯು ಅದರಿಂದ ಹುಟ್ಟುತ್ತದೆ. ರೌದ್ರ ಭಯಾನಕ ಬೀಭತ್ಸಗಳಿಗೆ ಅದು ಪೋಷಕ. ರೂಪಕವೆಂದರೆ ಕುಮಾರವ್ಯಾಸನನ್ನು ನೆನೆಯುವ ನಮಗೆ ಈ ಬಲವನ್ನು ವಿವರಿಸಬೇಕಾಗಿಲ್ಲ.

ಹೋಮರನ ದೀರ್ಘೋಪಮೆಯು ಮಾಡುವ ಕೆಲಸವು ಇದಕ್ಕೆ ತಿರುಗುಮುರುಗಾದುದು. ಹೊಂದದೆ ಉಳಿದ ಭಾಗದ ಬಾಗಿಲಿನಿಂದ ಅವನು ಓದುವವನನ್ನು ರಣರಂಗದ ಹೊರಕ್ಕೆ ಕರೆದೊಯ್ಯುತ್ತಾನೆ. ಹೊರಗೆ ಹಿಮ ಬೀಳುತ್ತಿದೆ, ಹೊಲವನ್ನು ಅಳೆಯುತ್ತಿದ್ದಾರೆ, ಉಣ್ಣೆಯನ್ನು ತೂಗುತ್ತಿದ್ದಾರೆ, ಕುರುಬನು ಮನೆಗೆ ಹೋಗುತ್ತಿದ್ದಾನೆ. ಯುದ್ಧವಿಲ್ಲದ ಲೋಕವೊಂದು ಇದೆ, ಇವರೆಲ್ಲರೂ ಅಲ್ಲಿಂದ ಬಂದವರು ಎಂಬ ಜ್ಞಾಪಕವನ್ನು ಕೊಟ್ಟು ಮತ್ತೆ ಗೋಡೆಯ ಬಳಿಗೆ ತಂದು ಬಿಡುತ್ತಾನೆ. ಮಹಾಭಾರತದಲ್ಲಿ ಯುದ್ಧದ ಬೆಲೆಯೆಷ್ಟೆಂಬುದು ಸ್ತ್ರೀಪರ್ವದಲ್ಲಿ, ಎಲ್ಲ ಮುಗಿದ ಮೇಲೆ, ಪೂರ್ಣವಾಗಿ ತೆರೆದು ಕಾಣುತ್ತದೆ. ಇಲಿಯಡ್ಡಿನಲ್ಲಿಯೂ ಕೊನೆಗೆ ಪ್ರಲಾಪವುಂಟು. ಆದರೆ ಯುದ್ಧವು ನಡೆಯುತ್ತಿರುವಾಗಲೇ ಅದರ ಬೆಲೆಯನ್ನು ಬಿಡಿಬಿಡಿಯಾಗಿ ಎಣಿಸುತ್ತ ಹೋಗುವುದು ದೀರ್ಘೋಪಮೆಗಳಿಂದ ಸಾಧ್ಯವಾಗಿದೆ. ಇವೆರಡರಲ್ಲಿ ಒಂದು ಮೇಲು ಒಂದು ಕೀಳು ಎಂದು ಹೇಳುವುದು ನನ್ನ ಉದ್ದೇಶವಲ್ಲ; ಅಲಂಕಾರವು ಬೇರೆಯಾದರೆ ಯುದ್ಧದ ಅನುಭವವೂ ಬೇರೆಯಾಗುವುದೆಂಬುದಿಷ್ಟೇ ಹೇಳತಕ್ಕ ಮಾತು.

ಆದರೂ ಹೋಮರನ ಉಪಮೆಗಳೆಲ್ಲವೂ ಈ ಮಟ್ಟದವೆಂದು ಭ್ರಮಿಸಬಾರದು. ಅವನ ಕಾವ್ಯವು ಬಾಯಿಂದ ಬಾಯಿಗೆ ಬಂದ ಸಂಪ್ರದಾಯದಲ್ಲಿ ಬೆಳೆದುದೆಂಬುದನ್ನು ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸನು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಸಾಧಿಸಿದನು. ಅಂಥ ಸಂಪ್ರದಾಯದಲ್ಲಿ ಸಿದ್ಧವಾದ ಉಪಮೆಗಳೂ ಇರುತ್ತವೆ. ಲಾಯದಲ್ಲಿ ಕಟ್ಟಿ ಮೇಯಿಸಿದ ಕುದುರೆಯು ಹಗ್ಗವನ್ನು ಹರಿದುಕೊಂಡು, ಕೇಸರವನ್ನು ಹಾರಿಸುತ್ತ, ತನ್ನ ಚೆಲುವಿನಿಂದ ಬೀಗುತ್ತ ಹೊಳೆಯ ಕಡೆಗೆ ಓಡುವ ಉಪಮೆಯೊಂದು ಅಕ್ಷರಶಃ ಎರಡು ಕಡೆ ಬರುತ್ತದೆ. 6ನೆಯ ಸರ್ಗದಲ್ಲಿ ಅದು ಪ್ಯಾರಿಸನಿಗೆ. 15ನೆಯ ಸರ್ಗದಲ್ಲಿ ಹೆಕ್ಟರನಿಗೆ. ಮನೆಯಲ್ಲಿ ಸುಖವಾಗಿದ್ದು ಅಲಂಕರಿಸಿಕೊಂಡು ಯುದ್ಧಕ್ಕೆ ಹೊರಟ ಪ್ಯಾರಿಸನಿಗೆ ಲಾಯವೂ ಮೇವೂ ಚೆಲುವಿನ ಬೀಗೂ ಒಂದೊಂದಾಗಿ ಹೊಂದುತ್ತವೆ. ಕಲ್ಲಿನ ಪೆಟ್ಟಿನಿಂದ ಮೂರ್ಛೆಹೋಗಿ ದೇವರ ಕೃಪೆಯಿಂದ ಆಗತಾನೆ ಎದ್ದ ಹೆಕ್ಟರನಿಗೆ ಹೊಂದುವುದು ಕಾಲುಗಳ ವೇಗವೊಂದೇ. ಉಳಿದುದು ನಿಜವಾಗಿಯೂ ಬಾಲ. ಇಲ್ಲಿ ಪೆರೋವಿನ ಮಾತನ್ನು ಒಪ್ಪಬೇಕು.

ಹಾಗಾದರೆ ಸಾರ್ಥಕವಾದ ಬಾಲವನ್ನು ವ್ಯರ್ಥವಾದುದರಿಂದ ಬೇರ್ಪಡಿಸುವುದು ಹೇಗೆ? 1921ರಲ್ಲಿ ಹೋಮರನ ಉಪಮೆಗಳ ಮೇಲೆ ಗ್ರಂಥವನ್ನು ಬರೆದ ಹರ್ಮನ್ ಫ್ರೆಂಕೆಲ್ ಎಂಬ ಜರ್ಮನ್ ಪಂಡಿತನು ಒಂದೇ ಒಂದು ಸಾಮ್ಯಬಿಂದುವನ್ನು ಹುಡುಕಿ ಉಳಿದುದನ್ನು ಕೇವಲ ಶೃಂಗಾರವೆಂದು ತಳ್ಳುವ ಕ್ರಮವನ್ನು ವಿರೋಧಿಸಿದನು. ಅವನ ಮಾತು ಸರಿಯೆಂದು ನನಗೂ ತೋರುತ್ತದೆ. ಆದರೆ ಅದರಿಂದ ಎಲ್ಲವೂ ಹೊಂದುತ್ತದೆಂದು ಸಾಧಿಸಲು ಹೊರಡುವುದೂ ಅಪಾಯ. ಅಧ್ಯಾಪಕರು ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆಯು ಸುಲಭವಾದುದು. ಉಪಮೆಯನ್ನು ಅದರ ಮೊದಲ ವಾಕ್ಯದಲ್ಲಿಯೇ ನಿಲ್ಲಿಸಿ, ಮುಂದಿನ ಯುದ್ಧವರ್ಣನೆಯನ್ನು ಅದಕ್ಕೆ ಸೇರಿಸಿ ಓದಿಸಬೇಕು. ಮುಂದೆ ಬರುವ ಸಂಗತಿಯ ಅನುಭವವು ಬದಲಾಗದಿದ್ದರೆ ಬಾಲವು ವ್ಯರ್ಥ. ಬದಲಾದರೆ, ಎಂದರೆ ಗೋಡೆಯ ಸದ್ದು ತಗ್ಗಿದರೆ, ಬಂಡೆಯು ಬರಿಯ ಬಂಡೆಯಾಗಿ ಉಳಿದರೆ, ಆ ಬಾಲದಲ್ಲಿ ಜೀವವಿತ್ತೆಂದು ತಿಳಿಯಬೇಕು.

ಕನ್ನಡದಲ್ಲಿ ಈ ವಿಚಾರವು ಕೇವಲ ಪರದೇಶದ ಕಾವ್ಯಕ್ಕೆ ಸಂಬಂಧಿಸಿದುದಲ್ಲ. 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನಂ ಮಹಾಕಾವ್ಯದಲ್ಲಿ ಕುವೆಂಪು ಅವರು ಮಹೋಪಮೆಯನ್ನು ಧಾರಾಳವಾಗಿ ಬಳಸಿದ್ದಾರೆ. ಅವುಗಳನ್ನು ಪಾಠಹೇಳುವಾಗ ನಾಲ್ಕು ಅಂಗಗಳನ್ನು ಗುರುತಿಸಿ ಉಳಿದುದನ್ನು ಬಿಟ್ಟುಬಿಡುವ ನಮ್ಮ ಹಳೆಯ ಅಭ್ಯಾಸವು ಸಾಲದು. ಕವಿಯು ತನ್ನ ಮಾತನ್ನು ಇಟ್ಟಿರುವುದು ಆ ಉಳಿದ ಭಾಗದಲ್ಲಿಯೇ ಇರಬಹುದು. ಹಾಗೆಂದು ನಮ್ಮ ಶಾಸ್ತ್ರವನ್ನು ಬಿಡಬೇಕಾಗಿಲ್ಲ. ಉದ್ವೇಗವುಂಟೇ ಎಂದು ಕೇಳಲು ದಂಡಿಯೂ, ಕಾಲವರಿತು ಹಿಡಿದನೇ ಬಿಟ್ಟನೇ ಎಂದು ಕೇಳಲು ಆನಂದವರ್ಧನನೂ ಕಲಿಸಿಕೊಟ್ಟಿದ್ದಾರೆ. ಆ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹೋದರೆ ಬಡವಿಯ ತಕ್ಕಡಿಯ ತೂಕವು ಯಾರಿಗಾದರೂ ಗೊತ್ತಾಗದೆ ಇರದು.